ಅಪ್‌ಡೇಟ್: ಹೈಡ್ರಾಲಿಕ್ ಸಿಲಿಂಡರ್‌ಗೆ 63 ಮಿ.ಮೀ. ಬೋರ್ ಸಾಲಲಿಲ್ಲ, 80ಕ್ಕೆ ಹೋದೆ

ನನ್ನ ಪ್ರಶ್ನೆ ಇದಾಗಿತ್ತು: "ಬುಷ್ ಒತ್ತಲು 50 ಕಿಲೋನ್ಯೂಟನ್ ಬಲ ಬೇಕು, ಸಿಸ್ಟಮ್ ಪ್ರೆಶರ್ 160 ಬಾರ್. ಲೆಕ್ಕದಲ್ಲಿ 63 ಮಿ.ಮೀ. ಬೋರ್ ಬರುತ್ತದೆ, ಆದರೂ ಬುಷ್ ಅರ್ಧಕ್ಕೇ ನಿಲ್ಲುತ್ತದೆ. ಯಾಕೆ?"

ಲೆಕ್ಕ ತಪ್ಪಿರಲಿಲ್ಲ. 160 ಬಾರ್‌ಗೆ 63ರ ಬೋರ್ ಕೊಡುವುದು 49.9 ಕಿಲೋನ್ಯೂಟನ್. ಅದರಲ್ಲಿ ಸೀಲ್‌ಗಳ ಘರ್ಷಣೆಗೂ ಪಾಲು ಹೋಗುತ್ತದೆ, ಅಲ್ವಾ? ನಾನು ಅದಕ್ಕೆ ಏನೂ ಬಿಟ್ಟಿರಲಿಲ್ಲ. ಜೊತೆಗೆ, 160 ನಾನು ರಿಲೀಫ್ ವಾಲ್ವ್‌ಗೆ ಹಾಕಿದ್ದ ಸೆಟ್ಟಿಂಗ್. ನೀವು ಹೇಳಿದಂತೆ ಸಿಲಿಂಡರ್ ಪೋರ್ಟ್‌ನಲ್ಲೇ ಗೇಜ್ ಕೂರಿಸಿದೆ. ರಾಡ್ ಚಲಿಸುವಾಗ ಮುಳ್ಳು 145 ದಾಟಲಿಲ್ಲ. ಪೂರ್ತಿ ನಿಂತ ಮೇಲಷ್ಟೇ 160ಕ್ಕೆ ಏರಿತು.

ಹಾಗಾಗಿ 145 ಬಾರ್, 0.9 ದಕ್ಷತೆ ಹಿಡಿದು ಮತ್ತೆ ಲೆಕ್ಕ ಹಾಕಿದೆ. 1 ಬಾರ್ ಅಂದರೆ 0.1 N/mm²:

```
A = 50000 / (14.5 × 0.9) = 3831 mm²
D = √(4A/π) = 69.8 mm
```

ಮುಂದಿನ ಸ್ಟ್ಯಾಂಡರ್ಡ್ ಅಳತೆ 80. ಅದನ್ನೇ ಹಾಕಿದೆ. ಈಗ ಸುಮಾರು 110 ಬಾರ್‌ನಲ್ಲೇ ಬುಷ್ ಪೂರ್ತಿ ಕೂರುತ್ತದೆ.

ಪಂಪ್ ಅದೇ ಇರುವುದರಿಂದ ರಾಡ್‌ನ ವೇಗ ಮೊದಲಿನ 62%ಕ್ಕೆ ಇಳಿದಿದೆ. ನನ್ನ ಕೆಲಸಕ್ಕೆ ಅದು ತೊಂದರೆಯಲ್ಲ. ಆದರೆ 160 ಬಾರ್ ಹಾಗೇ ಬಿಟ್ಟರೆ 80ರ ಬೋರ್ 80 ಕಿಲೋನ್ಯೂಟನ್ ದೂಡುತ್ತದೆ, ನನ್ನ ಫ್ರೇಮ್ ಅಷ್ಟಕ್ಕೆ ಮಾಡಿದ್ದಲ್ಲ. ಆದ್ದರಿಂದ ರಿಲೀಫ್ ವಾಲ್ವ್ 125 ಬಾರ್‌ಗೆ ಇಳಿಸಿದೆ. ಬೋರ್ ದೊಡ್ಡದು ಮಾಡುವವರು ಇದನ್ನು ಮೊದಲೇ ನೋಡಿಕೊಳ್ಳಿ.