ಪೊರಕೆ ಹಿಡಿಯಿಂದ ತಳ್ಳುವ ಫ್ಯಾನು

ಅತ್ತಿಗೆ ಕೇಳಿದ್ದು: "ಹಾಲಿನ ಫ್ಯಾನು 5ಕ್ಕೆ ಇಟ್ಟು ಸ್ವಿಚ್ ಹಾಕಿದರೂ ಗುಂಯ್ ಅಂತ ಸುಮ್ನೆ ನಿಂತಿರುತ್ತೆ. ಪೊರಕೆ ಹಿಡಿಯಿಂದ ತಳ್ಳಿದರೆ ಹೊರಡುತ್ತೆ, ಆಮೇಲೂ ನಿಧಾನವೇ. ಮೊನ್ನೆ ರೆಗ್ಯುಲೇಟರ್ ಹೊಸದು ಹಾಕಿಸಿದೆವು, ಆದರೂ ಹಾಗೇ ಇದೆ. ಫ್ಯಾನೇ ಬದಲಾಯಿಸಬೇಕಾ?"

ಬೇಡ ಅತ್ತಿಗೆ, ಇನ್ನೂ ದುಡ್ಡು ಹಾಕಬೇಡಿ. ಈಗಷ್ಟೇ ಅಂಗಡಿ ಶಟರ್ ಎಳೆದು ಕೂತಿದ್ದೇನೆ, ಮಾತಿನಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ರೊಟ್ಟಿ ಬಡಿಯುತ್ತಾ ಕೇಳಿ.

ಹೋಗಿರುವುದು ಕಂಡೆನ್ಸರ್. ಕೆಪಾಸಿಟರ್ ಅಂತಲೂ ಅನ್ನುತ್ತಾರೆ, ಎರಡೂ ಒಂದೇ. ಅಂಗಡಿಯಲ್ಲಿ ಕಂಡೆನ್ಸರ್ ಅಂದರೆ ತಟ್ಟನೆ ಕೊಡುತ್ತಾರೆ. ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಎರಡು ವೈರ್ ಹೊರಗೆ ಬಂದಿರುತ್ತವೆ. ನೂರು ರೂಪಾಯಿ ಒಳಗಿನ ಸಾಮಾನು.

ಅದು ಯಾಕೆ ಬೇಕು ಅಂತ ತಿಳಿದರೆ ಮಿಕ್ಕಿದ್ದೆಲ್ಲ ತಾನೇ ಗೊತ್ತಾಗುತ್ತದೆ. ಅಜ್ಜಿ ಮನೆಯ ಬೀಸುವ ಕಲ್ಲು ನೆನಪಿದೆ ಅಲ್ವಾ? ಗೂಟ ಹಿಡಿದು ನೇರವಾಗಿ ಮುಂದೆ ತಳ್ಳಿ, ಹಾಗೇ ನೇರವಾಗಿ ಹಿಂದೆ ಎಳೆದರೆ ಕಲ್ಲು ಅಲ್ಲೇ ಕೊಸರಾಡುತ್ತದೆ, ಸುತ್ತುವುದಿಲ್ಲ. ಪಕ್ಕದಿಂದ ಇನ್ನೊಬ್ಬರು ಒಂದು ಚೂರು ಮೊದಲು ಕೈ ಕೊಟ್ಟರೆ ಸುತ್ತು ಶುರುವಾಗುತ್ತದೆ. ಫ್ಯಾನಿನ ಮೋಟಾರಿನಲ್ಲೂ ಎರಡು ವೈಂಡಿಂಗ್, ಅಂದರೆ ತಂತಿಯ ಸುರುಳಿಗಳು ಇವೆ. ಒಂದು ರನ್ನಿಂಗ್, ಇನ್ನೊಂದು ಸ್ಟಾರ್ಟಿಂಗ್. ನಮ್ಮ ಮನೆಗೆ ಬರುವುದು ಸಿಂಗಲ್ ಫೇಸ್ ಕರೆಂಟು. ಅದರಿಂದ ರನ್ನಿಂಗ್ ವೈಂಡಿಂಗ್ ಬರೀ ಮುಂದೆ ಹಿಂದೆ ಎಳೆದಾಡುತ್ತದೆ. ಪಕ್ಕದಿಂದ ಒಂದು ಚೂರು ಮೊದಲು ಕೈ ಕೊಡುವುದು ಸ್ಟಾರ್ಟಿಂಗ್ ವೈಂಡಿಂಗ್. ಅದಕ್ಕೆ ಹೋಗುವ ಕರೆಂಟನ್ನು ಆ ಒಂದು ಚೂರು ಮೊದಲು ಮಾಡಿಕೊಡುವುದು ಕಂಡೆನ್ಸರ್.

ಅದು ಸೊರಗಿದರೆ ಎರಡನೆಯ ಕೈ ಇಲ್ಲ. ನಿಮ್ಮ ಫ್ಯಾನಿನ ಗುಂಯ್ ಅದೇ. ಆದರೆ ಕಲ್ಲು ಒಮ್ಮೆ ಸುತ್ತತೊಡಗಿದ ಮೇಲೆ ಒಬ್ಬರೇ ಹೇಗೋ ಎಳೆದುಕೊಂಡು ಹೋಗಬಹುದು, ಅಲ್ವಾ? ನೀವು ಪೊರಕೆ ಹಿಡಿಯಿಂದ ಕೊಡುತ್ತಿರುವುದು ಆ ಮೊದಲ ಸುತ್ತು. ಕಂಡೆನ್ಸರ್ ಫ್ಯಾನು ಹೊರಡುವಾಗ ಮಾತ್ರ ಅಲ್ಲ, ಓಡುವಷ್ಟು ಹೊತ್ತೂ ಲೈನಿನಲ್ಲೇ ಇರುತ್ತದೆ. ಅದಕ್ಕೇ ಹೊರಟ ಮೇಲೂ ಸ್ಪೀಡು ಬರುತ್ತಿಲ್ಲ.

ಇದನ್ನು ಪಕ್ಕಾ ಮಾಡಿಕೊಳ್ಳಲು ನಮ್ಮ ಕಡೆ ಒಂದು ಪರೀಕ್ಷೆ ಇದೆ. ಫ್ಯಾನು ಗುಂಯ್ ಅನ್ನುವಾಗ ಒಣಗಿದ ಉದ್ದ ಕೋಲಿನಿಂದ ರೆಕ್ಕೆಯನ್ನು ಎಂದಿನಂತೆ ತಳ್ಳಿ ನೋಡಿ. ಆಮೇಲೆ ಆಫ್ ಮಾಡಿ, ಪೂರ್ತಿ ನಿಂತ ಮೇಲೆ ಮತ್ತೆ ಆನ್ ಮಾಡಿ ಉಲ್ಟಾ ತಳ್ಳಿ. ಎತ್ತ ತಳ್ಳಿದರೆ ಅತ್ತಲೇ ಹೊರಟಿತು ಅಂದರೆ ಸ್ಟಾರ್ಟಿಂಗ್ ಕಡೆಯಿಂದ ಏನೂ ಬರುತ್ತಿಲ್ಲ. ಕಂಡೆನ್ಸರ್ ಪೂರ್ತಿ ಹೋಗಿದೆ, ಇಲ್ಲ ಆ ವೈಂಡಿಂಗಿನ ವೈರ್ ಎಲ್ಲೋ ಬಿಟ್ಟಿದೆ. ಉಲ್ಟಾ ತಳ್ಳಿದರೂ ತಡೆದು ನಿಂತು ಸರಿಯಾದ ದಿಕ್ಕಿಗೇ ಬಂದರೆ ಕಂಡೆನ್ಸರಿನಲ್ಲಿ ಇನ್ನೂ ಸ್ವಲ್ಪ ಜೀವ ಇದೆ, ಸೊರಗಿದೆ ಅಷ್ಟೇ. ಸ್ಟೂಲ್ ಹತ್ತಿ ಕೈಯಿಂದ ಮಾತ್ರ ತಳ್ಳಬೇಡಿ. ತಿರುಗದೆ ಗುಂಯ್ ಅನ್ನುವ ಫ್ಯಾನನ್ನು ಆನ್‌ನಲ್ಲೇ ಬಿಟ್ಟು ಒಳಗೆ ಹೋಗಲೂ ಬೇಡಿ, ವೈಂಡಿಂಗ್ ಬಿಸಿಯಾಗುತ್ತದೆ.

ಇನ್ನು ರೆಗ್ಯುಲೇಟರ್ ವಿಷಯ. ನಿಮ್ಮ ಮನೆಗೆ ಬಂದವನನ್ನು ಪೂರ್ತಿ ಬಯ್ಯಲಾರೆ. ಯಾಕೆಂದರೆ ಅಮ್ಮನ ರೂಮಿನ ಫ್ಯಾನಿನಲ್ಲಿ ನಾನೇ ಹಾಗೆ ಮೋಸ ಹೋಗಿದ್ದೇನೆ. ಹೋದ ಬೇಸಿಗೆ. 5ಕ್ಕೆ ಇಟ್ಟರೆ ಹೊರಡುತ್ತಿತ್ತು, 2ಕ್ಕೆ ಇಟ್ಟರೆ ಹೊರಡುತ್ತಿರಲಿಲ್ಲ. ಎಂಥವನಿಗೂ ರೆಗ್ಯುಲೇಟರ್ ಮೇಲೇ ಅನುಮಾನ ಬರುತ್ತದೆ. ನಾನೂ ಹೊಸದು ಹಾಕಿದೆ. ಮರುದಿನ ಬೆಳಿಗ್ಗೆ ಅಮ್ಮ, "ನಿನ್ನ ಹೊಸದೂ ಅಷ್ಟೇ ಕಣೋ" ಅಂದರು. ವೈಂಡಿಂಗ್ ಅಂಗಡಿ ಇಟ್ಟುಕೊಂಡವನಿಗೆ ಅದಕ್ಕಿಂತ ಇನ್ನೇನು ಬೇಕು.

ಆಗಿದ್ದು ಇಷ್ಟು. ಈಗಿನ ಹೆಜ್ಜೆ ಹೆಜ್ಜೆ ತಿರುಗುವ ರೆಗ್ಯುಲೇಟರಿನ ಒಳಗೂ ಸಣ್ಣ ಸಣ್ಣ ಕಂಡೆನ್ಸರ್‌ಗಳೇ ಇರುವುದು. 1ರಿಂದ 4ರವರೆಗೆ ಅವು ಕರೆಂಟಿನ ದಾರಿಯಲ್ಲಿ ಕೂತು ಫ್ಯಾನಿಗೆ ಹೋಗುವ ವೋಲ್ಟೇಜ್ ಇಳಿಸುತ್ತವೆ. 5ಕ್ಕೆ ಬಂದಾಗ ಅವು ಯಾವುವೂ ದಾರಿಯಲ್ಲಿ ಇಲ್ಲ, ಕರೆಂಟು ನೇರ ಫ್ಯಾನಿಗೆ ಹೋಗುತ್ತದೆ. ವೋಲ್ಟೇಜ್ ಇಳಿದರೆ ಮೋಟಾರಿನ ಬಲ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. 230 ಇರುವುದು 180 ಆದರೆ ಬಲ ಹೆಚ್ಚು ಕಡಿಮೆ ನೂರರಲ್ಲಿ 60 ಪಾಲಿಗೆ ಬರುತ್ತದೆ. ಫ್ಯಾನಿನ ಕಂಡೆನ್ಸರ್ ಮೊದಲೇ ಸೊರಗಿದ್ದರೆ, 5ರಲ್ಲಿ ಕಷ್ಟಪಟ್ಟು ಹೊರಡುವ ಫ್ಯಾನು 2ರಲ್ಲಿ ಕೈಚೆಲ್ಲುತ್ತದೆ. ತಪ್ಪು ಮೇಲಿರುವುದರದ್ದು, ಬಯ್ಗುಳ ಗೋಡೆಯಲ್ಲಿರುವುದಕ್ಕೆ.

ಹಾಗಾಗಿ ಯಾವಾಗಲೂ 5ಕ್ಕೆ ಇಟ್ಟು ತೀರ್ಮಾನ ಮಾಡಬೇಕು. 5ರಲ್ಲಿ ಸ್ಪೀಡು ಸರಿಯಾಗಿದ್ದು, 1ರಿಂದ 4ರಲ್ಲಿ ಯಾವುದೋ ಒಂದರಲ್ಲಿ ಮಾತ್ರ ನಿಂತುಹೋದರೆ, ಇಲ್ಲ ಎರಡು ನಂಬರಿಗೆ ಒಂದೇ ಸ್ಪೀಡು ಬಂದರೆ, ಆಗ ರೆಗ್ಯುಲೇಟರೇ. 5ರಲ್ಲೂ ನಿಧಾನ ಅಂದರೆ ಮೇಲಿರುವ ಫ್ಯಾನನ್ನೇ ನೋಡಿ. ನಿಮ್ಮದು 5ರಲ್ಲೇ ಹೊರಡುತ್ತಿಲ್ಲ.

ತೊಂದರೆ ಏನೆಂದರೆ 5ರಲ್ಲಿ ನಿಧಾನವೋ ಸರಿಯೋ ಅಂತ ನಮಗೇ ಗೊತ್ತಾಗುವುದಿಲ್ಲ. ಕಂಡೆನ್ಸರ್ ಒಂದೇ ದಿನ ಸಾಯುವುದಿಲ್ಲ. ಒಳಗೆ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಇನ್ನೂ ತೆಳುವಾದ ಲೋಹದ ಲೇಪ, ಸುರುಳಿ ಸುತ್ತಿರುತ್ತಾರೆ. ಬಿಸಿಗೋ ವೋಲ್ಟೇಜ್ ಏರಿದಾಗಲೋ ಒಂದು ಕಡೆ ಸಣ್ಣ ತೂತು ಬಿದ್ದರೆ, ಸುತ್ತಲಿನ ಲೇಪ ಸುಟ್ಟುಹೋಗಿ ಆ ಜಾಗ ತಾನೇ ಬೇರೆಯಾಗುತ್ತದೆ, ಕಂಡೆನ್ಸರ್ ಕೆಲಸ ಮುಂದುವರಿಸುತ್ತದೆ. ಆದರೆ ಪ್ರತಿ ತೂತಿಗೂ ಅದರ ಶಕ್ತಿ ಒಂದಿಷ್ಟು ಹೋಯಿತು. ಎರಡು ಮೂರು ವರ್ಷ ಹೀಗೇ ಇಳಿಯುತ್ತಾ ಹೋದರೆ, ನಾವು "ಈ ವರ್ಷ ಸೆಕೆ ಜಾಸ್ತಿ" ಅಂದುಕೊಂಡು ಸುಮ್ಮನಿರುತ್ತೇವೆ. ದಾವಣಗೆರೆ ಸೆಕೆ ಬೇರೆ, ನಂಬಲು ಕಷ್ಟವೂ ಇಲ್ಲ.

ಅಮ್ಮನ ಫ್ಯಾನಿಗೆ ನಾನು ಮಾಡಿದ್ದು ಹೀಗೆ. ಒಂದು ರೆಕ್ಕೆಗೆ ಬಿಳಿ ಟೇಪ್ ಅಂಟಿಸಿ, 5ಕ್ಕೆ ಇಟ್ಟು, ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದೆ. ನನ್ನ ರೂಮಿನ ಫ್ಯಾನಿಗೂ ಹಾಗೇ ಮಾಡಿದೆ. ಎರಡೂ ವಿಡಿಯೋ 10 ಸೆಕೆಂಡು ಓಡಿಸಿ ಟೇಪ್ ಎಷ್ಟು ಸಲ ಬಂತು ಅಂತ ಎಣಿಸಿದೆ. ನನ್ನದು 15, ಅಮ್ಮನದು 10. ಮೂರರಲ್ಲಿ ಒಂದು ಪಾಲು ಗಾಳಿ ಯಾರಿಗೂ ತಿಳಿಯದಂತೆ ಹೋಗಿತ್ತು. ಆಮೇಲೆ ಕಂಡೆನ್ಸರ್ ಬಿಚ್ಚಿ ಮೀಟರಿಗೆ ಹಾಕಿದರೆ, ಮೇಲೆ 2.5 ಅಂತ ಬರೆದದ್ದು 1.4 ತೋರಿಸಿತು. ಹೊಸದು ಹಾಕಿ ಮತ್ತೆ ವಿಡಿಯೋ ತೆಗೆದೆ, 15 ಬಂತು. ಹಳೇ ರೆಗ್ಯುಲೇಟರನ್ನೇ ವಾಪಸ್ ಹಾಕಿದೆ. 2ರಲ್ಲೂ ಮೆಲ್ಲಗೆ ತಾನೇ ಹೊರಟಿತು.

ಕಂಡೆನ್ಸರಿಗೆ ಹೋಗುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಸಂಜೆ ಏಳು ಎಂಟಕ್ಕೆ ಮನೆಯ ಎಲ್ಲ ಫ್ಯಾನೂ ಒಟ್ಟಿಗೆ ನಿಧಾನ ಆದರೆ ಅದು ವೋಲ್ಟೇಜ್, ಫ್ಯಾನಿನ ತಪ್ಪಲ್ಲ. ಮತ್ತೆ, ಮೇನ್ ಆಫ್ ಮಾಡಿ ಕೋಲಿನಿಂದ ರೆಕ್ಕೆ ಒಮ್ಮೆ ಜೋರಾಗಿ ಸುತ್ತಿಸಿ. ಹಗುರವಾಗಿ ಹಲವು ಸುತ್ತು ಹೋಗಿ ನಿಧಾನಕ್ಕೆ ನಿಂತರೆ ಬೇರಿಂಗ್ ಚೆನ್ನಾಗಿದೆ. ಒಂದೆರಡು ಸುತ್ತಿಗೇ ಗಪ್ಪನೆ ನಿಂತರೆ, ಇಲ್ಲ ಕರಕರ ಅಂದರೆ, ಬೇರಿಂಗ್ ಹಿಡಿದಿದೆ. ಆಗ ಹೊಸ ಕಂಡೆನ್ಸರ್ ಹಾಕಿದರೂ ಪ್ರಯೋಜನ ಇಲ್ಲ, ಫ್ಯಾನು ಇಳಿಸಿ ಅಂಗಡಿಗೆ ಕಳಿಸಿ.

ಹಾಕುವ ಕೆಲಸ ಅಣ್ಣ ಮಾಡಬಹುದು. ಸ್ವಿಚ್ ಆಫ್ ಮಾಡಿದರೆ ಸಾಲದು, ಮೇನನ್ನೇ ಇಳಿಸಬೇಕು. ಹಳೇ ವೈರಿಂಗಿನಲ್ಲಿ ಸ್ವಿಚ್ಚನ್ನು ಕರೆಂಟು ಬರುವ ಫೇಸ್ ವೈರಿನ ಬದಲು ವಾಪಸ್ ಹೋಗುವ ನ್ಯೂಟ್ರಲ್ ವೈರಿನ ಮೇಲೆ ಹಾಕಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅಲ್ಲಿ ಆಫ್ ಮಾಡಿದರೂ ಫ್ಯಾನಿನಲ್ಲಿ ಕರೆಂಟು ಇರುತ್ತದೆ. ಕಂಡೆನ್ಸರ್ ಕೊಕ್ಕೆ ಹತ್ತಿರದ ಮೇಲಿನ ಕಪ್ಪಿನ ಒಳಗೆ ಇರುತ್ತದೆ, ಕೆಲವದರಲ್ಲಿ ಮೋಟಾರಿನ ಮೇಲೆ ಕೂತ ಕೆಳಗಿನ ಕಪ್ಪಿನಲ್ಲಿ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಲಿ. ಅದರ ಎರಡು ತುದಿಗೆ ಹಿಡಿ ಪ್ಲಾಸ್ಟಿಕ್ ಇರುವ ಸ್ಕ್ರೂಡ್ರೈವರ್ ಒಮ್ಮೆ ಅಡ್ಡ ತಾಗಿಸಲಿ. ಒಳಗೆ ಚಾರ್ಜ್ ಉಳಿದಿದ್ದರೆ ಚಟ್ ಅಂದು ಖಾಲಿಯಾಗುತ್ತದೆ.

ಅದರ ಮೇಲೆ `2.5 µF 440 V` ಅಂತ ಇರುತ್ತದೆ, ದೊಡ್ಡ ಫ್ಯಾನಿಗೆ ಸಾಮಾನ್ಯವಾಗಿ ಇದೇ. ಏನು ಬರೆದಿದೆಯೋ ಅದನ್ನೇ ತರಬೇಕು. "3.15 ಹಾಕಿ, ಗಾಳಿ ಜೋರಾಗಿ ಬರುತ್ತೆ" ಅಂತ ಕೌಂಟರಿನಲ್ಲಿ ಯಾರಾದರೂ ಹೇಳಿದರೆ ಕೇಳಬೇಡಿ. ಸ್ಟಾರ್ಟಿಂಗ್ ವೈಂಡಿಂಗಿಗೆ ಜಾಸ್ತಿ ಕರೆಂಟು ಹೋಗಿ ಮೋಟಾರು ಬಿಸಿಯಾಗುತ್ತದೆ, ಅಂಥವು ಕೊನೆಗೆ ನನ್ನ ಟೇಬಲ್ಲಿಗೇ ಬರುತ್ತವೆ. ಕಂಡೆನ್ಸರಿನ ಎರಡು ವೈರಿಗೆ ಹಿಂದೆ ಮುಂದೆ ಅಂತ ಇಲ್ಲ, ಯಾವುದನ್ನು ಎಲ್ಲಿ ಬೇಕಾದರೂ ಹಾಕಬಹುದು. ಆದರೆ ಹಳೆಯದು ಇದ್ದ ಅದೇ ಎರಡು ಸ್ಕ್ರೂಗಳಿಗೇ ಹೋಗಬೇಕು. ಬೇರೆ ವೈಂಡಿಂಗಿನ ವೈರಿಗೆ ಸೇರಿಸಿದರೆ ಫ್ಯಾನು ಉಲ್ಟಾ ತಿರುಗುತ್ತದೆ. ರೆಕ್ಕೆ ಜೋರಾಗಿ ಓಡುತ್ತಿದ್ದರೂ ಕೆಳಗೆ ಗಾಳಿ ಬರುವುದಿಲ್ಲ. ಕೆಳಗಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಬೇಕು.

ಹೊಸ ಕಂಡೆನ್ಸರ್ ಹಾಕಿದ ಮೇಲೂ ಗುಂಯ್ ಅಂತ ನಿಂತೇ ಇದ್ದರೆ ಇನ್ನೊಂದು ತರಲು ಹೋಗಬೇಡಿ. ಸ್ಟಾರ್ಟಿಂಗ್ ವೈಂಡಿಂಗ್ ತುಂಡಾಗಿರಬಹುದು, ಮೀಟರ್ ಇಲ್ಲದೆ ಗೊತ್ತಾಗುವುದಿಲ್ಲ. ಆಗ ಇಳಿಸಿ ಇಟ್ಟಿರಿ, ಭಾನುವಾರ ನಾನೇ ಬರುತ್ತೇನೆ. ರೂಮಿನಲ್ಲಿ ನೀವು ಹೋದ ವರ್ಷ ಹಾಕಿಸಿದ ರಿಮೋಟ್ ಫ್ಯಾನಿಗೆ ಇದು ಯಾವುದೂ ಲೆಕ್ಕಕ್ಕಿಲ್ಲ, ಅದು ಬಿಎಲ್‌ಡಿಸಿ, ಬೇರೆಯೇ ಥರದ ಮೋಟಾರು. ಇಂಥ ಕಂಡೆನ್ಸರೂ ಇಲ್ಲ, ಗೋಡೆಯ ರೆಗ್ಯುಲೇಟರೂ ಅದಕ್ಕೆ ಬೇಡ.

ಹಳೇ ಕಂಡೆನ್ಸರ್ ಎಸೆಯಬೇಡಿ ಅತ್ತಿಗೆ, ಎಷ್ಟು ತೋರಿಸುತ್ತದೆ ಅಂತ ನೋಡುವ ಆಸೆ ನನಗೆ. ಬಿಚ್ಚಿದ ಹಳೇ ರೆಗ್ಯುಲೇಟರೂ ಮನೆಯಲ್ಲೇ ಇದ್ದರೆ ತೆಗೆದಿಡಿ, ಅದು ಚೆನ್ನಾಗಿಯೇ ಇರುತ್ತದೆ. ಅಡುಗೆಮನೆಗೆ ಫ್ಯಾನು ಹಾಕಿಸಿದಾಗ ಬೇಕಾಗುತ್ತದೆ.