ಕೆಟ್ಟು ಬಂದ ಬಲ್ಬುಗಳು: ತಯಾರಕರಿಗೆ ಪತ್ರ ಬರೆಯುವುದು ಹೇಗೆ?

ಹುಬ್ಬಳ್ಳಿ ಅಂಗಡಿಯವರು: ತಯಾರಕರಿಂದ ನೇರವಾಗಿ 500 ಎಲ್‌ಇಡಿ ಬಲ್ಬ್ ತರಿಸಿದೆ, ತಲಾ 60 ರೂಪಾಯಿ. ಸರಕು ಬಂದು 12 ದಿನವಾಯಿತು. ಮಾರಿದ 210ರಲ್ಲಿ 38 ವಾಪಸ್ ಬಂದಿವೆ, ಮಿಣುಕುತ್ತವೆ. ಫೋನ್ ಮಾಡಿದರೆ ‘ನೋಡೋಣ’ ಎನ್ನುತ್ತಾರೆ. ನಾನಿನ್ನೂ ಅವರಿಗೆ ಹಣ ಕೊಟ್ಟಿಲ್ಲ. ಪತ್ರದಲ್ಲಿ ಏನು ಬರೆಯಲಿ ಸರ್?

ತೆರಿಗೆ ಸಲಹೆಗಾರರು: ಇವತ್ತೇ ಬರೆಯಿರಿ. ಅವರು ನೋಂದಾಯಿತ ಸಣ್ಣ ಉದ್ದಿಮೆಯಾಗಿದ್ದರೆ, ಸರಕು ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪ ಹೋಗಬೇಕು. ಇಲ್ಲವಾದರೆ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಪಾವತಿಯ ಗಡುವು ಸರಕು ಬಂದ ದಿನದಿಂದಲೇ ಓಡುತ್ತದೆ, ತಪ್ಪಿದರೆ ಬಡ್ಡಿ ಬೀಳುತ್ತದೆ. ಫೋನ್ ಮಾತು ಲೆಕ್ಕಕ್ಕಿಲ್ಲ.

ಉಳಿದ 290ರಲ್ಲಿ ಬೇರೆ ಬೇರೆ ಪೆಟ್ಟಿಗೆಗಳಿಂದ 50 ತೆಗೆದು ರಾತ್ರಿಯಿಡೀ ಉರಿಸಿ, ಎಷ್ಟು ಕೆಟ್ಟವೆಂದು ಬರೆದಿಡಿ. ಪತ್ರದಲ್ಲಿ ಬಿಲ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಈ ಎಣಿಕೆ ಇರಲಿ. ‘ಎಲ್ಲವೂ ಕೆಟ್ಟಿವೆ’ ಎಂದರೆ ಅವರು ಒಂದು ಚೆನ್ನಾಗಿ ಉರಿಯುವ ಬಲ್ಬ್ ತೋರಿಸಿ ಮುಗಿಸುತ್ತಾರೆ.

‘ಸರಕನ್ನು ತಿರಸ್ಕರಿಸುತ್ತೇನೆ’ ಎಂದೂ ಬರೆಯಬೇಡಿ. 210 ಮಾರಿದ ಮೇಲೆ ಆ ಹಕ್ಕು ದುರ್ಬಲ. ಬೆಲೆಯಲ್ಲಿ ಕಡಿತ ಅಥವಾ ನಷ್ಟ ಪರಿಹಾರ ಕೇಳುವ ಹಕ್ಕು ಉಳಿದಿದೆ. ಆದ್ದರಿಂದ 290 ಮತ್ತು 38, ಒಟ್ಟು 328ಕ್ಕೆ ಬೇರೆ ಬ್ಯಾಚಿನ ಬಲ್ಬ್ ಕೊಡಿ, ಇಲ್ಲವೇ 19,680 ರೂಪಾಯಿಗೂ ಅದರ ಮೇಲಿನ 18% ತೆರಿಗೆ 3,542.40ಕ್ಕೂ ಕ್ರೆಡಿಟ್ ನೋಟ್ ಕೊಡಿ ಎಂದು ಕೇಳಿ. ಉತ್ತರಕ್ಕೆ ದಿನಾಂಕ ಗೊತ್ತುಮಾಡಿ. ಗ್ರಾಹಕರಲ್ಲಿರುವ 172 ಮುಂದೆ ವಾಪಸ್ ಬಂದರೆ ಅದನ್ನೂ ಕೇಳುತ್ತೇನೆಂದು ಒಂದು ಸಾಲು ಸೇರಿಸಿ.

ಶಿರಸಿ ಸದಸ್ಯ: ಪತ್ರ ಏಕೆ? ನೀವೇ ಡೆಬಿಟ್ ನೋಟ್ ಹಾಕಿ, ತೆರಿಗೆಯನ್ನೂ ಕಳೆಯಿರಿ.

ಸಲಹೆಗಾರರು: ಅದು ನಿಮ್ಮ ಖಾತೆ ಪುಸ್ತಕಕ್ಕೆ ಸಾಕು. ಜಿಎಸ್‌ಟಿಯಲ್ಲಿ ಅವರ ತೆರಿಗೆ ಇಳಿಯುವುದು ಅವರೇ ಕೊಡುವ ಕ್ರೆಡಿಟ್ ನೋಟಿನಿಂದ. ಅದು ಬಂದ ಮೇಲೆ ಅಷ್ಟು ಮೊತ್ತಕ್ಕೆ ನೀವು ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕು.

ದಾವಣಗೆರೆ ಸದಸ್ಯೆ: ನನ್ನ ಸೀರೆಗಳ ಬಣ್ಣ ಬಿಟ್ಟಿದೆ, ಆರು ತಿಂಗಳಾಯಿತು, ಏನು ಮಾಡಲಿ?

ಗದಗ ಸದಸ್ಯ: ಒಂದು ಫಾರ್ವರ್ಡ್ ಬಂದಿದೆ: ‘ಸರಕನ್ನು ಲಾರಿಗೆ ಹಾಕಿ ಕಳಿಸಿಬಿಡಿ, ಕಾನೂನು ನಿಮ್ಮ ಕಡೆ.’

ಸಲಹೆಗಾರರು: ಅವರು ಇಳಿಸಿಕೊಳ್ಳದಿದ್ದರೆ ಬಾಡಿಗೆ ಎರಡು ಪಾಲು, ಸರಕು ಪುನಃ ನಿಮ್ಮ ತಲೆಗೆ. ಅವರು ಒಪ್ಪಿಗೆ ಬರೆದು ಕೊಡುವವರೆಗೆ ಸರಕನ್ನು ಕದಲಿಸಬೇಡಿ. ಇಂಥ ಸಂದೇಶಗಳನ್ನು ಇಲ್ಲಿ ಹಾಕಬೇಡಿ.

ಗದಗ ಸದಸ್ಯ: ನಾನು ಹಾಗೆಯೇ ಕಳಿಸಿದ್ದೆ, ತೆಗೆದುಕೊಂಡರು.

ಶಿರಸಿ ಸದಸ್ಯ: ನಿಮ್ಮದು ಹಳೆಯ ಗಿರಾಕಿ ಸಂಬಂಧ. ಇವರದು ಮೊದಲ ವ್ಯವಹಾರ.

ಗದಗ ಸದಸ್ಯ: ಅವರು ಹಾಗೆ ಹೇಳಿದ್ದು ಎಲ್ಲಿ?

ಬೀದರ್ ಸದಸ್ಯ: 15 ದಿನ ಎಂದರೆ ಬಿಲ್ ದಿನದಿಂದಲೇ?

ಸಲಹೆಗಾರರು: ಸರಕು ತಲುಪಿದ ದಿನದಿಂದ. ಮೇಲೆ ಓದಿ.

ಹುಬ್ಬಳ್ಳಿ ಅಂಗಡಿಯವರು: ಬಲ್ಬ್ ಉರಿಸಿಟ್ಟಿದ್ದೇನೆ. ಪತ್ರವನ್ನು ಇಮೇಲಿನಲ್ಲೂ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಬೇಕೆ?