ಸಹಾಯ ಬೇಕು: ಕೇಸ್ ರಿಪೋರ್ಟ್ ಸಾರಾಂಶ 150 ಪದಕ್ಕೆ ಇಳಿಸಬೇಕು

ನಮಸ್ಕಾರ ಎಲ್ಲರಿಗೂ. ನಾನು ಬಾಗಲಕೋಟೆಯಲ್ಲಿ ಮೆಡಿಸಿನ್ ಪಿಜಿ ಮಾಡುತ್ತಿದ್ದೇನೆ. ಒಂದು ಕೇಸಿನ ಸಾರಾಂಶ ಬರೆದೆ, 290 ಪದ ಆಗಿದೆ. ಜರ್ನಲ್ 150 ಕೇಳುತ್ತದೆ.

ರೋಗಿ ಕಬ್ಬಿನ ಗದ್ದೆಯ ಗುಡಿಸಲಲ್ಲಿ ನೆಲದ ಮೇಲೆ ಮಲಗಿದ್ದ ಯುವಕ. ಬೆಳಗಿನ ಜಾವ ವಿಪರೀತ ಹೊಟ್ಟೆನೋವು, ವಾಂತಿ. ಹೊಟ್ಟೆ ಮೆತ್ತಗೇ ಇತ್ತು, ಸ್ಕ್ಯಾನ್ ನಾರ್ಮಲ್. ಮೊದಲು ಸರ್ಜರಿ ವಾರ್ಡಿಗೆ ಹೋದ. ನಾಲ್ಕು ಗಂಟೆಯ ಮೇಲೆ ಎರಡೂ ರೆಪ್ಪೆ ಜೋತುಬಿದ್ದವು, ನುಂಗಲು ಆಗಲಿಲ್ಲ. ಮೈಮೇಲೆ ಕಚ್ಚಿದ ಗುರುತಿಲ್ಲ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯೂ ಸರಿಯಿತ್ತು. ಕಟ್ಟುಹಾವು, ಅಂದರೆ ಕ್ರೇಟ್ ಇರಬೇಕೆಂದು ಆ್ಯಂಟಿವೆನಮ್ 10 ವಯಲ್ ಕೊಟ್ಟೆವು. ಮೂರು ದಿನ ವೆಂಟಿಲೇಟರ್, ಆಮೇಲೆ ಪೂರ್ತಿ ಚೇತರಿಸಿಕೊಂಡ.

ಎಲ್ಲ ರಕ್ತಪರೀಕ್ಷೆಯ ಅಂಕಿಗಳನ್ನು, ವೆಂಟಿಲೇಟರ್ ಸೆಟ್ಟಿಂಗನ್ನು ತೆಗೆದೆ. ಆದರೆ ಕಚ್ಚಿದ ಗುರುತಿಲ್ಲ, ಸ್ಕ್ಯಾನ್ ನಾರ್ಮಲ್, ರಕ್ತ ಹೆಪ್ಪುಗಟ್ಟಿತು ಅನ್ನೋ ಮೂರನ್ನು ಬಿಡಲು ಮನಸ್ಸಿಲ್ಲ. ರೋಗನಿರ್ಣಯ ನಿಂತಿರುವುದೇ ಅವುಗಳ ಮೇಲೆ, ಅಲ್ವಾ? ರಕ್ತ ಹೆಪ್ಪುಗಟ್ಟಿತೆಂದು ಹಾವಿನ ಕಡಿತ ತಳ್ಳಿಹಾಕಬಾರದು, ಕ್ರೇಟ್ ವಿಷ ಮುಖ್ಯವಾಗಿ ನರಗಳನ್ನು ಹಿಡಿಯುತ್ತದೆ.

ಹಾವನ್ನು ಯಾರೂ ನೋಡಿಲ್ಲ. ಹಾಗಾಗಿ ಶೀರ್ಷಿಕೆಯಲ್ಲಿ 'ಸಂಭವನೀಯ ಕ್ರೇಟ್ ಕಡಿತ' ಅಂತಲೇ ಹಾಕಿದ್ದೇನೆ. ನಮ್ಮ ಗೈಡ್ 'ಸಂಭವನೀಯ' ತೆಗೆಯಿರಿ ಅಂತಾರೆ. ನನಗದು ಸರಿ ಕಾಣುವುದಿಲ್ಲ.

ರೋಗಿಯ ಲಿಖಿತ ಒಪ್ಪಿಗೆ ಇದೆ, ಊರಿನ ಹೆಸರು ತೆಗೆದಿದ್ದೇನೆ. ಕೇಸ್ ರಿಪೋರ್ಟ್ ಬರೆದವರು ಯಾರಾದರೂ ಡ್ರಾಫ್ಟ್ ಓದಿ, ಇನ್ನೇನು ಕತ್ತರಿಸಬಹುದು ಹೇಳುತ್ತೀರಾ? ಶುಕ್ರವಾರದೊಳಗೆ ಕಳಿಸಬೇಕು.